ಬುಲ್ ಕಾಲ್ ಸ್ಪ್ರೆಡ್ ಹಾಕುವುದು, ಕಾಯುವುದು, ಮುಚ್ಚುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಸ್ಪ್ರೆಡ್ ಹಾಕಿದ್ದೆ. ₹11,000ಕ್ಕಿಂತ ಜಾಸ್ತಿ ಹೋಗಲ್ಲ ಅಂದುಕೊಂಡಿದ್ದೆ. ₹25,000 ಹೋಯ್ತು, ಹೇಗೆ?" ಈ ಧಾಟಿಯ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಬಹುತೇಕ ಎಲ್ಲದಕ್ಕೂ ಕಾರಣ ಒಂದೇ. ಸ್ಪ್ರೆಡ್ ಅಂದರೆ ಒಂದು ಆಪ್ಷನ್ ಕೊಂಡು ಇನ್ನೊಂದನ್ನು ಮಾರುವ ಜೋಡಿ. ನಷ್ಟದ ಮಿತಿ ಇರುವುದು ಆ ಜೋಡಿಗೆ, ಒಂದೊಂದೇ ಆಪ್ಷನ್‌ಗೆ ಅಲ್ಲ. ಹಾಕುವಾಗಲೋ, ಮಧ್ಯದಲ್ಲೋ, ಮುಚ್ಚುವಾಗಲೋ ಜೋಡಿ ಒಡೆದರೆ ಮಿತಿಯೂ ಹೋಯಿತು. ಹಾಗಾಗಿ ಇಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಾಲ್ ಮತ್ತು ಪುಟ್ ಎಂದರೇನು, ಸ್ಟ್ರೈಕ್ ಮತ್ತು ಪ್ರೀಮಿಯಂ ಎಂದರೇನು ಅನ್ನುವುದು ನಿಮಗೆ ಗೊತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗೆ ನಿಫ್ಟಿ 50 ಆಪ್ಷನ್ ತೆಗೆದುಕೊಂಡಿದ್ದೇನೆ. ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾವುದೇ ದಿನದ ನಿಜವಾದ ದರಗಳಲ್ಲ.

## ಬೇಕಾಗುವ ಸಾಮಾನು

ಎಲ್ಲ ಸ್ಟ್ರೈಕ್‌ಗಳ ಬೆಲೆ ತೋರಿಸುವ ಪಟ್ಟಿ, ಅಂದರೆ ಆಪ್ಷನ್ ಚೈನ್ ಬೇಕು. ಎನ್‌ಎಸ್‌ಇ ವೆಬ್‌ಸೈಟ್‌ನಲ್ಲೂ ಇದೆ, ಬ್ರೋಕರ್ ಆ್ಯಪ್‌ನಲ್ಲೂ ಇದೆ. ಜೊತೆಗೆ ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕ್ಯುಲೇಟರ್, ಎರಡೂ ಆರ್ಡರ್ ಒಟ್ಟಿಗೆ ಹಾಕುವ ಬಾಸ್ಕೆಟ್ ಆರ್ಡರ್ ಸೌಲಭ್ಯ, ಮತ್ತು ಒಂದು ಹಾಳೆ. ಹಾಳೆ ಬೇಡ ಅನ್ನಿಸಬಹುದು. ಆದರೆ ಮಾರುಕಟ್ಟೆ ಏರಿಳಿಯುವಾಗ ಮನಸ್ಸಿನಲ್ಲಿಟ್ಟ ಲೆಕ್ಕ ಬದಲಾಗಿಬಿಡುತ್ತದೆ, ಬರೆದಿಟ್ಟದ್ದು ಬದಲಾಗುವುದಿಲ್ಲ.

## ಹಂತ 1: ಎಷ್ಟು, ಯಾವಾಗ ಎಂದು ಬರೆಯಿರಿ

"ನಿಫ್ಟಿ ಏರುತ್ತದೆ" ಅನ್ನುವುದು ಸ್ಪ್ರೆಡ್‌ಗೆ ಸಾಲದು. ಎಲ್ಲಿಯವರೆಗೆ ಏರಬಹುದು, ಎಷ್ಟು ದಿನದಲ್ಲಿ ಅನ್ನುವುದೂ ಬೇಕು. ನೀವು ಮಾರುವ ಸ್ಟ್ರೈಕ್ ಬರುವುದು ಆ ಮೊದಲ ಉತ್ತರದಿಂದ, ಎಕ್ಸ್‌ಪೈರಿ ಬರುವುದು ಎರಡನೆಯದರಿಂದ.

ನಮ್ಮ ಉದಾಹರಣೆಯಲ್ಲಿ ನಿಫ್ಟಿ 25,000ದಲ್ಲಿದೆ. ಸುಮಾರು ಮೂರು ವಾರದಲ್ಲಿ 25,400ರ ಆಸುಪಾಸಿಗೆ ಹೋಗಬಹುದು ಎಂಬುದು ನಿಮ್ಮ ಅಂದಾಜು. ತಿಂಗಳ ಎಕ್ಸ್‌ಪೈರಿಗೆ 20 ದಿನ ಉಳಿದಿದೆ, ಅದನ್ನೇ ಆರಿಸಿಕೊಂಡಿರಿ.

ನಿಫ್ಟಿ 26,500ಕ್ಕೆ ಹಾರುತ್ತದೆ ಎಂದು ನಿಮಗೆ ನಿಜವಾಗಿಯೂ ಅನ್ನಿಸಿದರೆ ಸ್ಪ್ರೆಡ್ ನಿಮಗೆ ತಕ್ಕದ್ದಲ್ಲ, ಏಕೆಂದರೆ ಲಾಭಕ್ಕೂ ಇಲ್ಲಿ ಮಿತಿ ಇದೆ. ಅಳತೆಯ ಏರಿಕೆಯನ್ನು ನಿರೀಕ್ಷಿಸುವವರ ದಾರಿ ಇದು.

ಸ್ಟಾಪ್‌ಲಾಸ್ ಹಾಕಿ ಫ್ಯೂಚರ್ಸ್ ಕೊಂಡರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. 2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ, ನಿಫ್ಟಿ ಸುಮಾರು 5.9% ಬಿತ್ತು. ಅದರ ಹಿಂದಿನ ದಿನವಷ್ಟೇ 3%ಗಿಂತ ಜಾಸ್ತಿ ಏರಿತ್ತು. ಇಂಥ ದಿನ ಸ್ಟಾಪ್‌ಲಾಸ್ ನೀವು ಬರೆದ ಬೆಲೆಯಲ್ಲೇ ಮುಗಿಯುತ್ತದೆ ಎಂಬ ಖಾತರಿ ಇಲ್ಲ. ಕೊಟ್ಟ ಹಣ ಮಾತ್ರ ಪಣಕ್ಕಿರುವ ಸ್ಪ್ರೆಡ್‌ಗೆ ಆ ಚಿಂತೆ ಇಲ್ಲ, ಜೋಡಿ ಉಳಿದಿರುವ ತನಕ.

## ಹಂತ 2: ಎರಡು ಸ್ಟ್ರೈಕ್ ಆರಿಸಿ

ಬುಲ್ ಕಾಲ್ ಸ್ಪ್ರೆಡ್‌ನಲ್ಲಿ ಕೆಳಗಿನ ಸ್ಟ್ರೈಕ್‌ನ ಕಾಲ್ ಕೊಳ್ಳುತ್ತೀರಿ, ಮೇಲಿನ ಸ್ಟ್ರೈಕ್‌ನ ಕಾಲ್ ಮಾರುತ್ತೀರಿ. ಎಕ್ಸ್‌ಪೈರಿ ಒಂದೇ, ಲಾಟ್ ಸಂಖ್ಯೆ ಒಂದೇ.

ಆ್ಯಪ್‌ನಲ್ಲಿ ಕಾಲ್ ಆಪ್ಷನ್‌ಗೆ CE ಎಂದು ಬರೆದಿರುತ್ತದೆ. ಕೊಳ್ಳುವುದು ಈಗಿನ ನಿಫ್ಟಿಗೆ ಹತ್ತಿರದ್ದು: 25000 CE, ಬೆಲೆ ₹310. ಮಾರುವುದು ನಿಮ್ಮ ಗುರಿಯ ಹತ್ತಿರದ್ದು: 25400 CE, ಬೆಲೆ ₹130. ಕೈಯಿಂದ ಹೋಗುವುದು 310 − 130 = ₹180. ಈ ₹180ಕ್ಕೆ ಡೆಬಿಟ್ ಎನ್ನುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲೇ. ಚೈನ್‌ನಲ್ಲಿ ಇನ್ನೂ ಮೇಲೆ ಹೋದರೆ ಭಾರೀ ಅಗ್ಗದ ಸ್ಪ್ರೆಡ್ ಸಿಗುತ್ತದೆ. 25600 CE ಕೊಂಡು 26000 CE ಮಾರಿದರೆ ಡೆಬಿಟ್ ಸುಮಾರು ₹55 ಇರಬಹುದು. ₹55 ಕೊಟ್ಟು ₹345 ಗಳಿಸುವ ಅವಕಾಶ ಅಂದರೆ ಯಾರಿಗೆ ಆಸೆ ಆಗಲ್ಲ? ಆದರೆ ಅಸಲು ವಾಪಸ್ ಬರಬೇಕಾದರೂ ಎಕ್ಸ್‌ಪೈರಿಯಲ್ಲಿ ನಿಫ್ಟಿ 25,655ರಲ್ಲಿರಬೇಕು. ಅಂದರೆ ಮೂರು ವಾರದಲ್ಲಿ 2.6% ಏರಿದ ಮೇಲೆ ನಿಮ್ಮ ಲಾಭ ಶುರುವಾಗುತ್ತದೆ. ನಿಮ್ಮದೇ ಗುರಿ 25,400. ಗುರಿ ಮುಟ್ಟಿದರೂ ಈ ಸ್ಪ್ರೆಡ್ ಪೂರ್ತಿ ಸೊನ್ನೆ ಆಗುತ್ತದೆ.

ನಾನು ನೋಡುವ ಅಳತೆ ಸರಳ: ಡೆಬಿಟ್ ಎರಡು ಸ್ಟ್ರೈಕ್‌ಗಳ ಅಂತರದ ಅರ್ಧದ ಆಸುಪಾಸಿನಲ್ಲಿರಲಿ. ಇಲ್ಲಿ ಅಂತರ 400, ಡೆಬಿಟ್ 180. ಅರ್ಧಕ್ಕಿಂತ ತುಂಬ ಕಡಿಮೆ ಇದ್ದರೆ ಮಾರುಕಟ್ಟೆ ಅದನ್ನು ಆಗದ ಮಾತು ಎಂದುಕೊಂಡಿದೆ. ತುಂಬ ಜಾಸ್ತಿ ಇದ್ದರೆ ಸಣ್ಣ ಲಾಭಕ್ಕೆ ದೊಡ್ಡ ಹಣ ಇಡುತ್ತಿದ್ದೀರಿ.

ಇಳಿಯುತ್ತದೆ ಎಂಬ ಅಂದಾಜಾದರೆ ಇದನ್ನೇ ತಿರುಗಿಸಿ. ಮೇಲಿನ ಸ್ಟ್ರೈಕ್‌ನ ಪುಟ್ ಕೊಂಡು ಕೆಳಗಿನದನ್ನು ಮಾರುವುದು, ಅದು ಬೇರ್ ಪುಟ್ ಸ್ಪ್ರೆಡ್. ಮುಂದಿನ ಎಲ್ಲ ಹಂತಗಳೂ ಅದಕ್ಕೆ ಹಾಗೆಯೇ ಹೊಂದುತ್ತವೆ.

## ಹಂತ 3: ಮೂರು ಸಂಖ್ಯೆ ಹಾಳೆಗೆ ಇಳಿಸಿ

ಲಾಟ್ ಗಾತ್ರವನ್ನು 65 ಎಂದು ಹಿಡಿಯೋಣ. ಇದು ಆಗಾಗ ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿತ್ತು. ಹಳೆಯ ವಿಡಿಯೋದಲ್ಲಿ ಕಂಡ ಲೆಕ್ಕ ಬಳಸಬೇಡಿ, ಆರ್ಡರ್ ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನೇ ತೆಗೆದುಕೊಳ್ಳಿ.

- ಗರಿಷ್ಠ ನಷ್ಟ: ಡೆಬಿಟ್ × ಲಾಟ್ = 180 × 65 = ₹11,700
- ಗರಿಷ್ಠ ಲಾಭ: (400 − 180) × 65 = ₹14,300
- ಬ್ರೇಕ್‌ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಮಟ್ಟ: 25,000 + 180 = 25,180

ಒಂಟಿ 25000 CE ಕೊಂಡಿದ್ದರೆ ₹20,150 ಹೋಗುತ್ತಿತ್ತು, ಬ್ರೇಕ್‌ಈವನ್ 25,310 ಆಗುತ್ತಿತ್ತು. ಎಕ್ಸ್‌ಪೈರಿ ದಿನ ಎರಡೂ ಹೇಗೆ ಕಾಣುತ್ತವೆ ನೋಡಿ:

| ನಿಫ್ಟಿ ಮುಗಿಯುವ ಮಟ್ಟ | ಸ್ಪ್ರೆಡ್ | ಒಂಟಿ ಕಾಲ್ |
|---|---|---|
| 24,900 | −₹11,700 | −₹20,150 |
| 25,100 | −₹5,200 | −₹13,650 |
| 25,300 | +₹7,800 | −₹650 |
| 25,400 | +₹14,300 | +₹5,850 |
| 25,800 | +₹14,300 | +₹31,850 |

ಎರಡೂ ಸಮ ಆಗುವ ಜಾಗ 25,530. ಅದಕ್ಕಿಂತ ಮೇಲೆ ಹೋದರೆ ಒಂಟಿ ಕಾಲ್ ಕೊಂಡವರು ಗೆದ್ದರು. ಆ ದಿನ ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಖಾತರಿ ಇದ್ದರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 4: ಖಾತೆಯಲ್ಲಿ ಎಷ್ಟು ಹಣ ಬೇಕು?

ನಷ್ಟದ ಮಿತಿ ₹11,700 ತಾನೇ, ಖಾತೆಯಲ್ಲಿ ₹12,000 ಇದ್ದರೆ ಸಾಕು ಅಂದುಕೊಂಡವರ ಆರ್ಡರ್ ರಿಜೆಕ್ಟ್ ಆಗುತ್ತದೆ. ನೀವು ಕಳೆದುಕೊಳ್ಳಬಹುದಾದ ಹಣ ಬೇರೆ, ಬ್ರೋಕರ್ ತಡೆಹಿಡಿಯುವ ಹಣ ಬೇರೆ.

ಜೋಡಿಯಲ್ಲಿ ಮಾರಿದ ಆಪ್ಷನ್ ಒಂದಿದೆ. ಅದಕ್ಕೆ ಎಕ್ಸ್‌ಚೇಂಜ್ ಮಾರ್ಜಿನ್, ಅಂದರೆ ಭದ್ರತೆಯ ಠೇವಣಿ ಕೇಳುತ್ತದೆ. ಅದರಲ್ಲಿ ಎರಡು ಭಾಗ: ನಷ್ಟದ ಅಪಾಯದ ಲೆಕ್ಕಕ್ಕೆ ಸ್ಪ್ಯಾನ್, ಅದರ ಮೇಲಿನ ಹೆಚ್ಚುವರಿ ಭದ್ರತೆಗೆ ಎಕ್ಸ್‌ಪೋಶರ್. ಕೊಂಡ ಆಪ್ಷನ್ ರಕ್ಷಣೆಗೆ ಇರುವುದರಿಂದ ಸ್ಪ್ಯಾನ್ ಮಾರ್ಜಿನ್ ತುಂಬ ಇಳಿಯುತ್ತದೆ. ಆದರೆ ಎಕ್ಸ್‌ಪೋಶರ್ ಮಾರ್ಜಿನ್ ಹಾಗೇ ಉಳಿಯುತ್ತದೆ. ಇಂಡೆಕ್ಸ್ ಆಪ್ಷನ್‌ಗೆ ಅದು ಕಾಂಟ್ರಾಕ್ಟ್ ಮೌಲ್ಯದ ಸುಮಾರು 2%. ಇಲ್ಲಿ 25,000 × 65 ಅಂದರೆ ₹16.25 ಲಕ್ಷ, ಅದರ 2% ಸುಮಾರು ₹32,500. ಇದು ಖರ್ಚಲ್ಲ, ಸ್ಪ್ರೆಡ್ ಮುಚ್ಚಿದಾಗ ಬಿಡುಗಡೆ ಆಗುತ್ತದೆ. ಆದರೂ ಅಷ್ಟು ದಿನ ಖಾತೆಯಲ್ಲಿ ಇರಲೇಬೇಕು.

ಎಕ್ಸ್‌ಪೈರಿ ದಿನಕ್ಕೆ ಇನ್ನೊಂದು ಸುತ್ತು ಇದೆ. ಸೆಬಿ 2024ರ ಅಕ್ಟೋಬರ್‌ನಲ್ಲಿ ತಂದ ನಿಯಮದಂತೆ, ಆ ದಿನ ಮುಗಿಯುವ ಮಾರಿದ ಇಂಡೆಕ್ಸ್ ಆಪ್ಷನ್‌ಗಳ ಮೇಲೆ ಹೆಚ್ಚುವರಿ 2% ಮಾರ್ಜಿನ್ ಬೀಳುತ್ತದೆ. ಮತ್ತೆ ಅಷ್ಟೇ ಹಣ. ಇಲ್ಲದಿದ್ದರೆ ಬ್ರೋಕರ್ ನಿಮ್ಮ ಪೊಸಿಷನ್ ತಾನೇ ಮುಚ್ಚಬಹುದು, ಅದೂ ಅವರಿಗೆ ಅನುಕೂಲವಾದ ಬೆಲೆಗೆ.

ಜೋಡಿಯ ಒಂದೊಂದು ಆಪ್ಷನ್‌ಗೂ ಲೆಗ್ ಎನ್ನುತ್ತಾರೆ. ಬಾಸ್ಕೆಟ್‌ನಲ್ಲಿ ಎರಡೂ ಲೆಗ್ ಸೇರಿಸಿದರೆ ಸಾಮಾನ್ಯವಾಗಿ ಎರಡು ಸಂಖ್ಯೆ ಕಾಣುತ್ತವೆ: ಆರ್ಡರ್ ಹಾಕುವಾಗ ಬೇಕಾಗುವುದು, ಎರಡೂ ಆದ ಮೇಲೆ ಉಳಿಯುವುದು. ದೊಡ್ಡ ಸಂಖ್ಯೆಯಷ್ಟು ಹಣ ಇದ್ದರೆ ಮಾತ್ರ ಮುಂದುವರಿಯಿರಿ.

## ಹಂತ 5: ಮೊದಲು ಕೊಳ್ಳಿ, ಆಮೇಲೆ ಮಾರಿ

ಈ ಕ್ರಮ ತಪ್ಪಿಸಬೇಡಿ. 25400 CE ಮೊದಲು ಮಾರಲು ಹೋದರೆ, ರಕ್ಷಣೆ ಇಲ್ಲದ ಆಪ್ಷನ್ ಮಾರುತ್ತಿದ್ದೀರಿ ಎಂದೇ ವ್ಯವಸ್ಥೆ ಲೆಕ್ಕ ಹಾಕುತ್ತದೆ. ಒಂದು ಲಕ್ಷಕ್ಕೂ ಮೀರಿ ಮಾರ್ಜಿನ್ ಕೇಳುತ್ತದೆ. ಅಷ್ಟು ಹಣ ಇಲ್ಲದವರಿಗೆ ಆರ್ಡರ್ ರಿಜೆಕ್ಟ್ ಆಗುತ್ತದೆ, ಅವರು ಬಚಾವ್. ಹಣ ಇದ್ದವರ ಗತಿ ಬೇರೆ. ಮಾರಾಟ ಆಗಿಬಿಟ್ಟು, ಕೊಳ್ಳುವಷ್ಟರಲ್ಲಿ ನಿಫ್ಟಿ 50 ಪಾಯಿಂಟ್ ಏರಿದರೆ ಡೆಬಿಟ್ ಲೆಕ್ಕವೇ ತಲೆಕೆಳಗಾಗುತ್ತದೆ.

ಒತ್ತುವ ಮೊದಲು ಎರಡೂ ಸಾಲನ್ನು ಗಟ್ಟಿಯಾಗಿ ಓದಿ:

```
BUY   NIFTY 25000 CE   65   LIMIT 310
SELL  NIFTY 25400 CE   65   LIMIT 130
```

ಎರಡೂ CE ತಾನೇ? ಎರಡಕ್ಕೂ ಒಂದೇ ಎಕ್ಸ್‌ಪೈರಿ ತಾನೇ? ನಿಫ್ಟಿಗೆ ವಾರದ ಎಕ್ಸ್‌ಪೈರಿಯೂ ಇರುವುದರಿಂದ ಒಂದು ಲೆಗ್ ಈ ವಾರದ್ದು, ಇನ್ನೊಂದು ತಿಂಗಳಿನದು ಆಗಿಬಿಡುವುದು ಬಹಳ ಸುಲಭ. ಪ್ರಾಡಕ್ಟ್ ವಿಧವೂ ಎರಡಕ್ಕೂ ಒಂದೇ ಇರಲಿ. ಒಂದನ್ನು ಮುಂದಿನ ದಿನಗಳಿಗೂ ಉಳಿಯುವ NRML, ಇನ್ನೊಂದನ್ನು ಆ ದಿನಕ್ಕೇ ಮುಗಿಯುವ MIS ಹಾಕಿದರೆ ಸಂಜೆಯ ಹೊತ್ತಿಗೆ MIS ಲೆಗ್ ತಾನಾಗೇ ಮುಚ್ಚಿಕೊಂಡು ಇನ್ನೊಂದು ಒಂಟಿಯಾಗುತ್ತದೆ.

ಮಾರ್ಕೆಟ್ ಆರ್ಡರ್ ಬೇಡ, ಲಿಮಿಟ್ ಹಾಕಿ. ಪರದೆಯಲ್ಲಿ ಕಾಣುವ ₹310 ಕೊನೆಯ ವ್ಯವಹಾರದ ಬೆಲೆ. ನಿಜವಾಗಿ ಕೊಳ್ಳಲು ಹೋದರೆ ಎದುರಿನವರು ₹312 ಕೇಳುತ್ತಿರಬಹುದು. ಮಾರಲು ಹೋದರೆ ₹128 ಮಾತ್ರ ಕೊಡಬಹುದು. ಡೆಬಿಟ್ ಆಗಲೇ 184 ಆಯಿತು, ಒಂದು ಲಾಟ್‌ಗೆ ₹260 ಜಾಸ್ತಿ. ಮುಚ್ಚುವಾಗ ಮತ್ತೊಮ್ಮೆ ಇದೇ ಕಥೆ. ಮಾರ್ಕೆಟ್ ಡೆಪ್ತ್ ತೆರೆದು ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ನೋಡಿ. ನಿಫ್ಟಿಯ ಹತ್ತಿರದ ಸ್ಟ್ರೈಕ್‌ಗಳಲ್ಲಿ ಅಂತರ ಸಣ್ಣದಿರುತ್ತದೆ. ದೂರದ ಸ್ಟ್ರೈಕ್‌ಗಳಲ್ಲಿ, ಅನೇಕ ಷೇರುಗಳ ಆಪ್ಷನ್‌ಗಳಲ್ಲಿ ಅದು ಲಾಭವನ್ನೇ ನುಂಗುವಷ್ಟು ದೊಡ್ಡದಿರುತ್ತದೆ.

ಮೊದಲ ಲೆಗ್ ಸಿಕ್ಕಿ ಎರಡನೆಯದು ಸಿಗದೆ ನಿಂತರೆ ಮಾರುವ ಬೆಲೆಯನ್ನು ಒಂದೆರಡು ರೂಪಾಯಿ ಇಳಿಸಿ. "₹130 ಬರಲಿ, ಕಾಯೋಣ" ಎಂದು ಕೂತರೆ ಅಷ್ಟು ಹೊತ್ತು ನಿಮ್ಮ ಕೈಯಲ್ಲಿರುವುದು ₹20,150ರ ಒಂಟಿ ಕಾಲ್.

ಇನ್ನು ಖರ್ಚು. ಹಲವು ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಆರ್ಡರ್‌ಗೆ ₹20. ಹಾಕಲು ಎರಡು, ಮುಚ್ಚಲು ಎರಡು ಆರ್ಡರ್ ಆದರೆ ₹80. ಮೇಲೆ ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ, ಮಾರುವ ಪ್ರತಿ ಲೆಗ್‌ಗೆ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ. ಹಂತ 3ರ ಗರಿಷ್ಠ ನಷ್ಟಕ್ಕೆ ಇವನ್ನೂ ಸೇರಿಸಿಕೊಳ್ಳಿ.

## ಹಂತ 6: ಕಾಯುವಾಗ ಒಂದು ಲೆಗ್ ಮುಟ್ಟಬೇಡಿ

ಹೆಚ್ಚು ಹಣ ಹೋಗುವುದು ಈ ಹಂತದಲ್ಲಿ. ಪೊಸಿಷನ್ ಪುಟದಲ್ಲಿ ಎರಡು ಸಾಲು ಬೇರೆ ಬೇರೆ ಕಾಣುತ್ತವೆ. ಒಂದು ಹಸಿರು, ಒಂದು ಕೆಂಪು. ಕೈ ತುರಿಸುವುದು ಸಹಜ.

ಒಂದು ವಾರದಲ್ಲಿ ನಿಫ್ಟಿ 24,700ಕ್ಕೆ ಇಳಿಯಿತು ಅನ್ನಿ. ಕೊಂಡ ಕಾಲ್ ₹135ಕ್ಕೆ ಬಂದಿದೆ, ಮಾರಿದ ಕಾಲ್ ₹35ಕ್ಕೆ. ಮಾರಿದ ಲೆಗ್‌ನಲ್ಲಿ ₹6,175 ಲಾಭ ಹಸಿರಾಗಿ ಮಿನುಗುತ್ತಿದೆ. "ಇದನ್ನು ಬುಕ್ ಮಾಡೋಣ, ಇನ್ನೊಂದು ವಾಪಸ್ ಏರಬಹುದು" ಎಂದು ಮುಚ್ಚಿದರೆ ನಿಮ್ಮ ಒಟ್ಟು ಹೂಡಿಕೆ 180ರಿಂದ 215ಕ್ಕೆ ಏರಿತು. ಗರಿಷ್ಠ ನಷ್ಟ ಈಗ ₹13,975. ಲಾಭ ಬುಕ್ ಮಾಡಿದೆ ಅಂದುಕೊಂಡಿರಿ, ನಿಜಕ್ಕೂ ಬಿದ್ದ ಮಾರುಕಟ್ಟೆಯಲ್ಲಿ ಇನ್ನಷ್ಟು ಹಣ ಹಾಕಿದಿರಿ.

ಇನ್ನೂ ಕೆಟ್ಟದ್ದು ಏರಿಕೆಯಲ್ಲಿ ಆಗುತ್ತದೆ. ಹತ್ತು ದಿನದಲ್ಲಿ ನಿಫ್ಟಿ 25,400ಕ್ಕೆ ಬಂತು ಅನ್ನಿ. ನಿಮ್ಮ ಅಂದಾಜು ನಿಜವಾಗಿದೆ. ಆದರೆ ಮಾರಿದ ಕಾಲ್ ₹130ರಿಂದ ₹215ಕ್ಕೆ ಏರಿ ₹5,525 ನಷ್ಟ ಕೆಂಪಾಗಿ ಕಾಣುತ್ತದೆ. ಹೆದರಿ ಅದನ್ನು ಮುಚ್ಚಿದರೆ, ಅಥವಾ ಆ ಲೆಗ್‌ಗೆ ಹಾಕಿಟ್ಟ ಸ್ಟಾಪ್‌ಲಾಸ್ ತಾನಾಗೇ ಮುಚ್ಚಿದರೆ, ಲೆಕ್ಕ ಹೀಗಾಗುತ್ತದೆ: 310 − 130 + 215 = 395. ನಿಫ್ಟಿ ಮತ್ತೆ 25,000ದ ಕೆಳಗೆ ಜಾರಿ ಎಕ್ಸ್‌ಪೈರಿ ಆದರೆ ನಷ್ಟ 395 × 65 = ₹25,675. ಆರಂಭದ ಪ್ರಶ್ನೆಯ ₹25,000 ಹೋಗುವ ದಾರಿ ಇದೇ.

ಆದ್ದರಿಂದ ಒಂದೊಂದೇ ಲೆಗ್‌ಗೆ ಸ್ಟಾಪ್‌ಲಾಸ್ ಹಾಕಬೇಡಿ. ನಿಮ್ಮ ಸ್ಟಾಪ್‌ಲಾಸ್ ನೀವು ಆಗಲೇ ಕೊಟ್ಟ ಡೆಬಿಟ್. ನೋಡಬೇಕಾದ ಸಂಖ್ಯೆ ಒಂದೇ: ಕೊಂಡದ್ದರ ಬೆಲೆಯಿಂದ ಮಾರಿದ್ದರ ಬೆಲೆ ಕಳೆದರೆ ಉಳಿಯುವುದು. ಮೇಲಿನ ಏರಿಕೆಯಲ್ಲಿ ಕೊಂಡ ಕಾಲ್ ಸುಮಾರು ₹490 ಇರುತ್ತದೆ, ಮಾರಿದ್ದು ₹215, ಸ್ಪ್ರೆಡ್ ಬೆಲೆ ₹275. ಕೊಟ್ಟದ್ದು 180, ಹಾಗಾಗಿ 95 × 65 = ₹6,175 ಲಾಭದಲ್ಲಿದ್ದೀರಿ.

ಇಲ್ಲಿ ಇನ್ನೊಂದು ಗೊಂದಲ ಹುಟ್ಟುತ್ತದೆ. "ಗುರಿ ಮುಟ್ಟಿತಲ್ಲ, ₹14,300 ಯಾಕೆ ಕಾಣ್ತಿಲ್ಲ?" ಮಾರಿದ ಆಪ್ಷನ್‌ಗೆ ಇನ್ನೂ ಹತ್ತು ದಿನದ ಆಯುಸ್ಸಿದೆ, ಅದರಲ್ಲಿ ಸಮಯದ ಬೆಲೆ ಉಳಿದಿದೆ. ಅದು ಕರಗಿದ ಮೇಲಷ್ಟೇ ಸ್ಪ್ರೆಡ್ 400ರತ್ತ ಹೋಗುತ್ತದೆ. ಆ್ಯಪ್ ತೋರಿಸುವ ಲಾಭ-ನಷ್ಟದ ಪೇಆಫ್ ಗೆರೆ ಎಕ್ಸ್‌ಪೈರಿ ದಿನದ್ದು, ಇವತ್ತಿನದಲ್ಲ.

## ಹಂತ 7: ಮುಚ್ಚುವಾಗ ಮಾರಿದ್ದು ಮೊದಲು

ಹಾಕುವಾಗಿನ ಕ್ರಮ ಇಲ್ಲಿ ತಿರುಗುತ್ತದೆ. ಮೊದಲು ಮಾರಿದ 25400 CE ವಾಪಸ್ ಕೊಳ್ಳಿ, ಆಮೇಲೆ 25000 CE ಮಾರಿ. ಕೊಂಡದ್ದನ್ನು ಮೊದಲು ಮಾರಿದರೆ ಕೈಯಲ್ಲಿ ಉಳಿಯುವುದು ರಕ್ಷಣೆ ಇಲ್ಲದ ಮಾರಿದ ಕಾಲ್. ನಷ್ಟಕ್ಕೆ ಮಿತಿಯೇ ಇಲ್ಲ, ಜೊತೆಗೆ ಮಾರ್ಜಿನ್ ಕೊರತೆಯ ದಂಡ ಬೇರೆ. ಎರಡು ಆರ್ಡರ್ ಒಂದರ ಹಿಂದೆ ಒಂದು ಹೋಗಲಿ, ಮಧ್ಯೆ ಚಹಾಕ್ಕೆ ಏಳಬೇಡಿ.

ಯಾವಾಗ ಮುಚ್ಚಬೇಕು ಅನ್ನುವುದನ್ನು ಹಾಕಿದ ದಿನವೇ ಬರೆದಿಡಿ. ನನ್ನ ಅಭಿಪ್ರಾಯದಲ್ಲಿ 400ರ ಸ್ಪ್ರೆಡ್ 320-330ಕ್ಕೆ ಬಂದರೆ ಹೊರಬರುವುದು ಜಾಣತನ. ಉಳಿದ 70-80ಕ್ಕಾಗಿ ಕಾಯುವಾಗ ಆಗಲೇ ಬಂದ 150ನ್ನು ಪಣಕ್ಕಿಡುತ್ತೀರಿ. ಇನ್ನೊಂದು, ನಿಮ್ಮ ಅಂದಾಜೇ ತಪ್ಪಾಗಿದ್ದರೆ ಎಕ್ಸ್‌ಪೈರಿಯವರೆಗೆ ಕಾಯಬೇಕೆಂದಿಲ್ಲ. 24,700ರಲ್ಲಿ ಸ್ಪ್ರೆಡ್‌ಗೆ ಇನ್ನೂ ₹100 ಸಿಗುತ್ತಿತ್ತು. ಅಲ್ಲಿ ಎರಡೂ ಲೆಗ್ ಮುಚ್ಚಿದರೆ ನಷ್ಟ ₹5,200, ಪೂರ್ತಿ ₹11,700 ಅಲ್ಲ.

ಕೊನೆಗೆ ಪೊಸಿಷನ್ ಪುಟದಲ್ಲಿ ಎರಡೂ ಸಾಲಿನ ಕ್ವಾಂಟಿಟಿ ಸೊನ್ನೆ ಇದೆಯೇ ನೋಡಿ. ಅರ್ಧ ತುಂಬಿ ನಿಂತ ಲಿಮಿಟ್ ಆರ್ಡರ್ ಒಂದು ಉಳಿದಿರಬಹುದು.

## ಹಂತ 8: ಷೇರಿನ ಸ್ಪ್ರೆಡ್ ಆದರೆ ಎಕ್ಸ್‌ಪೈರಿಗೆ ಒಯ್ಯಬೇಡಿ

ನಿಫ್ಟಿ ಆಪ್ಷನ್ ಹಣದಲ್ಲಿ ಇತ್ಯರ್ಥವಾಗುತ್ತದೆ, ಎಕ್ಸ್‌ಪೈರಿಗೆ ಬಿಟ್ಟರೂ ವ್ಯತ್ಯಾಸ ಮಾತ್ರ ಖಾತೆಗೆ ಬರುತ್ತದೆ. ಬಿಡಿ ಷೇರುಗಳ ಆಪ್ಷನ್ ಹಾಗಲ್ಲ. 2019ರ ಅಕ್ಟೋಬರ್‌ನಿಂದ ಅವೆಲ್ಲ ಷೇರಿನ ಡೆಲಿವರಿಯಲ್ಲೇ ಮುಗಿಯುತ್ತವೆ.

₹1,000ದ ಷೇರು, ಲಾಟ್ 700 ಎಂದು ಇಟ್ಟುಕೊಳ್ಳಿ. 1000 CE ಕೊಂಡು 1040 CE ಮಾರಿದ್ದೀರಿ. ಷೇರು 1,040ರ ಮೇಲೆ ಮುಗಿದರೆ ಎರಡೂ ಲೆಗ್ ಒಂದಕ್ಕೊಂದು ವಜಾ ಆಗುತ್ತವೆ. 1,000ದ ಕೆಳಗೆ ಮುಗಿದರೆ ಎರಡೂ ಸೊನ್ನೆ. ಅಪಾಯ ಇರುವುದು ನಡುವೆ. 1,020ಕ್ಕೆ ಮುಗಿಯಿತು ಅನ್ನಿ. ಮಾರಿದ ಕಾಲ್ ಸತ್ತುಹೋಯಿತು, ಕೊಂಡ ಕಾಲ್ ಜೀವಂತ. ಈಗ ನೀವು ₹1,000ದಂತೆ 700 ಷೇರು ಕೊಳ್ಳಲೇಬೇಕು. ಅಂದರೆ ₹7 ಲಕ್ಷ. ಸ್ಪ್ರೆಡ್ ಲಾಭದಲ್ಲಿದ್ದರೂ ಹಣ ಹೊಂದಿಸಲಾಗದೆ ಒದ್ದಾಡುವವರು ಇಲ್ಲೇ ಸಿಗುತ್ತಾರೆ.

ಎಚ್ಚರಿಕೆಯ ಗುರುತು ಮೊದಲೇ ಬರುತ್ತದೆ. ಎಕ್ಸ್‌ಪೈರಿಗೆ ನಾಲ್ಕು ವಹಿವಾಟು ದಿನ ಇರುವಾಗಿನಿಂದ, ಕೊಂಡ ಕಾಲ್ ಇನ್-ದಿ-ಮನಿ ಇದ್ದರೆ, ಅಂದರೆ ಷೇರು ಅದರ ಸ್ಟ್ರೈಕ್ ದಾಟಿದ್ದರೆ, ಅದರ ಮೇಲೂ ಡೆಲಿವರಿ ಮಾರ್ಜಿನ್ ಬೀಳತೊಡಗಿ ದಿನದಿಂದ ದಿನಕ್ಕೆ ಏರುತ್ತದೆ. ಏನೂ ಮಾಡದೆ ಇದ್ದರೂ ತಡೆಹಿಡಿದ ಹಣ ಜಾಸ್ತಿ ಆಗುತ್ತಿದೆ ಎಂದು ಕಂಡರೆ ಕಾರಣ ಇದೇ. ಅಷ್ಟರೊಳಗೆ, ಹಂತ 7ರ ಕ್ರಮದಲ್ಲಿ, ಎರಡೂ ಲೆಗ್ ಮುಚ್ಚಿಬಿಡಿ. ಕೊನೆಯ ದಿನದವರೆಗೆ ಕಾದರೆ ಇನ್-ದಿ-ಮನಿ ಕಾಲ್‌ಗೆ ಸರಿಯಾದ ಬೆಲೆ ಕೊಡುವವರೂ ಸಿಗುವುದು ಕಷ್ಟ.